ಅಡಿ, ನಡು, ತುದಿ

ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡಾಗ ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ. "ಸರ್, ಬೇರೆಯವರ ಪ್ರೋಗ್ರಾಮ್ ತಂದುಕೊಟ್ಟವರನ್ನು ವೈವಾದಲ್ಲಿ ಹಿಡಿಯೋದು ಹ್ಯಾಂಗ್ರಿ?"

ವೈವಾ ಎಂಬ ಮೌಖಿಕ ಪರೀಕ್ಷೆಯಲ್ಲಿ ಹಿಡಿಯುವುದು ಸುಲಭ. ಅದಕ್ಕೆ ಬುದ್ಧಿಯೂ ಬೇಕಾಗಿಲ್ಲ, ಸ್ವಲ್ಪ ಪುರುಸೊತ್ತು ಇದ್ದರೆ ಸಾಕು. "ಬೈನರಿ ಸರ್ಚ್ ಎಂದರೇನು?" ಎಂದು ಕೇಳಬೇಡಿ. ಅದಕ್ಕೆ ಉತ್ತರ ಗೈಡಿನಲ್ಲಿದೆ, ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ಪ್ರೋಗ್ರಾಮಿನ ಒಂದು ಸಾಲಿನ ಮೇಲೆ ಬೆರಳಿಟ್ಟು "ಇದನ್ನು ತೆಗೆದರೆ ಏನಾಗುತ್ತದೆ?" ಎಂದು ಕೇಳಿ. ಐದು ಸಂಖ್ಯೆ ಕೊಟ್ಟು, ಕಂಪ್ಯೂಟರ್ ಮುಟ್ಟದೆ ಹಾಳೆಯ ಮೇಲೆ ಪ್ರೋಗ್ರಾಮನ್ನು ನಡೆಸಲು ಹೇಳಿ. ತಾನೇ ಬರೆದವನು ತಡವರಿಸಿದರೂ ದಾರಿ ಹಿಡಿಯುತ್ತಾನೆ. ತಂದುಕೊಟ್ಟವನು ಮೊದಲ ಸಾಲಿನಲ್ಲೇ ನಿಮ್ಮ ಮುಖ ನೋಡುತ್ತಾನೆ.

ಕಷ್ಟ ಇರುವುದು ಹಿಡಿದ ಮೇಲೆ. ಅದನ್ನು ನನಗೆ ಯಾರೂ ಕಲಿಸಿರಲಿಲ್ಲ. ನಾನು ಕಲಿತದ್ದು ಒಬ್ಬ ಹುಡುಗಿಯ ಬದುಕಿನ ಮೇಲೆ. ಹಾಗೆ ಕಲಿಯಬಾರದು ಎಂಬ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಅಬ್ಬಿಗೇರಿಯವನು. ರೋಣದ ಒಂದು ಪದವಿ ಕಾಲೇಜಿನಲ್ಲಿ ಸೇವೆಯ ಬಹುಭಾಗ ಕಳೆದೆ. ಸೇರಿದಾಗ ಅಲ್ಲಿ ಕಂಪ್ಯೂಟರ್ ಲ್ಯಾಬ್ ಎಂಬ ಫಲಕವಿತ್ತು, ಒಳಗೆ ನಾಲ್ಕು ಯಂತ್ರಗಳಿದ್ದವು, ಅವುಗಳಲ್ಲಿ ಮೂರು ನಡೆಯುತ್ತಿದ್ದವು. ಹುಡುಗರು ಚಪ್ಪಲಿ ಹೊರಗೆ ಬಿಟ್ಟು ಗುಡಿಗೆ ಬಂದವರಂತೆ ಒಳಗೆ ಬರುತ್ತಿದ್ದರು. ಒಂದು ಯಂತ್ರದ ಮುಂದೆ ಆರು ಜನ. ಒಬ್ಬ ಕೀಲಿ ಒತ್ತಿದರೆ ಉಳಿದ ಐವರು ಅವನ ಬೆರಳು ನೋಡುತ್ತಿದ್ದರು. ಹೀಗಾಗಿ ಪ್ರೋಗ್ರಾಮುಗಳು ಹೆಚ್ಚಾಗಿ ವಹಿಯಲ್ಲೇ ಹುಟ್ಟಿ ವಹಿಯಲ್ಲೇ ಸಾಯುತ್ತಿದ್ದವು. ಆಗ ಪ್ರೋಗ್ರಾಮ್ ಎರವಲು ಪಡೆಯಬೇಕೆಂದರೂ ಕೈಯಿಂದ ನಕಲು ಬರೆಯಬೇಕಿತ್ತು. ಬರೆಯುತ್ತ ಬರೆಯುತ್ತ ಸ್ವಲ್ಪವಾದರೂ ತಲೆಗೆ ಹತ್ತುತ್ತಿತ್ತು. ಆಮೇಲೆ ಫ್ಲಾಪಿ ಬಂತು, ಪೆನ್‌ಡ್ರೈವ್ ಬಂತು, ಈಗ ಮೊಬೈಲಿನ ಗುಂಪುಗಳಿವೆ. ಒಬ್ಬರು ಹಾಕಿದ್ದು ನಿಮಿಷದೊಳಗೆ ನಲವತ್ತು ಜನರ ಕೈಯಲ್ಲಿರುತ್ತದೆ, ಯಾರ ತಲೆಗೂ ಹತ್ತಿರುವುದಿಲ್ಲ.

ನಮ್ಮಲ್ಲಿ ಬರುವವರು ಬಹಳಷ್ಟು ಕನ್ನಡ ಮಾಧ್ಯಮದ ಮಕ್ಕಳು. ಲೋ, ಮಿಡ್, ಹೈ ಎಂದರೆ ಅವರಿಗೆ ಅದು ಮಂತ್ರ. ಆದ್ದರಿಂದ ಬೈನರಿ ಸರ್ಚ್ ಕಲಿಸುವಾಗ ನಾನು ಅಡಿ, ನಡು, ತುದಿ ಎಂದೇ ಹೆಸರಿಡುತ್ತಿದ್ದೆ. ಒಂದು ಪಟ್ಟಿ ಇದೆ, ಅದು ಸಣ್ಣದರಿಂದ ದೊಡ್ಡದಕ್ಕೆ ಕ್ರಮವಾಗಿ ಜೋಡಿಸಿದ್ದು. ಹುಡುಕುವ ಸಂಖ್ಯೆಯನ್ನು ಮೊದಲಿನಿಂದ ಒಂದೊಂದೇ ನೋಡುತ್ತ ಹೋಗುವ ಬದಲು ನಡುವಿನದನ್ನು ನೋಡು. ಬೇಕಾದದ್ದು ಅದಕ್ಕಿಂತ ಸಣ್ಣದಾದರೆ ಮೇಲಿನ ಅರ್ಧ ಬಿಟ್ಟುಬಿಡು. ದೊಡ್ಡದಾದರೆ ಕೆಳಗಿನ ಅರ್ಧ ಬಿಡು. ಉಳಿದ ಅರ್ಧದಲ್ಲಿ ಮತ್ತೆ ನಡು ಹುಡುಕು. ಮಕ್ಕಳಿಗೆ ಇದು ಥಟ್ಟನೆ ತಿಳಿಯುತ್ತಿತ್ತು. ನನಗೂ ಅದರ ಬಗ್ಗೆ ಜಂಬವಿತ್ತು.

ಒಂದು ವರ್ಷ ಆ ಪಾಠದ ದಿನ ಕರೆಂಟು ಹೋಗಿತ್ತು. ಲ್ಯಾಬಿನಲ್ಲಿ ನಡೆಸಿ ತೋರಿಸಲು ಆಗದೆ ಇಡೀ ಪ್ರೋಗ್ರಾಮನ್ನು ಹಲಗೆಯ ಮೇಲೆ ಬರೆದುಬಿಟ್ಟೆ. ಹುಡುಗರು ಬರೆದುಕೊಂಡರು. ಬರವಣಿಗೆ ದುಂಡಗಿದ್ದ ಒಬ್ಬಳ ವಹಿಯನ್ನು ಝೆರಾಕ್ಸ್ ಮಾಡಿಸಿ ಎಲ್ಲರೂ ಹಂಚಿಕೊಂಡರು. ಅದನ್ನು ನಾನು ಮರೆತೇಬಿಟ್ಟೆ.

ಪವಿತ್ರಾ ನಮ್ಮ ಕಾಲೇಜಿಗೆ ಬಂದದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಗಜೇಂದ್ರಗಡದ ನೇಕಾರರ ಮನೆಯ ಹುಡುಗಿ. ದಿನಾ ಬಸ್ಸಿನಲ್ಲಿ ರೋಣಕ್ಕೆ ಬಂದು ಹೋಗುತ್ತಿದ್ದಳು. ಮಾತು ಕಡಿಮೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದರಲ್ಲಿ ಅವಳಿಗೆ ನಾಚಿಕೆ ಇರಲಿಲ್ಲ. ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಪ್ರಾಜೆಕ್ಟ್ ಮಾಡಿ ವರದಿ ಕೊಡಬೇಕು. ಅವಳಿಗೆ ಮಾರ್ಗದರ್ಶಕ ನಾನು.

ಅವಳು ಆರಿಸಿಕೊಂಡ ವಿಷಯ ಮನೆಯದೇ. ಅವರ ತಂದೆ ಮಲ್ಲೇಶಪ್ಪನವರು ಸೀರೆಯ ಅಂಚಿನ ವಿನ್ಯಾಸಗಳನ್ನು ಚೌಕಳಿ ಹಾಳೆಯಲ್ಲಿ ಬರೆದು, ಒಂದೊಂದಕ್ಕೂ ಸಂಖ್ಯೆ ಕೊಟ್ಟು ಇಟ್ಟಿದ್ದರು. ಹಳೆಯ ಗಿರಾಕಿ ಬಂದು ಹಿಂದಿನ ಅಂಚೇ ಬೇಕೆಂದರೆ ಆ ಹಾಳೆ ಯಾವ ವಹಿಯಲ್ಲಿದೆ ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತಿತ್ತು. ಸಂಖ್ಯೆ ಒತ್ತಿದರೆ ಯಾವ ವಹಿ, ಯಾವ ಪುಟ ಎಂದು ಹೇಳುವ ಪ್ರೋಗ್ರಾಮ್ ಮಾಡುತ್ತೇನೆ ಎಂದಳು.

ಮಾಡಿಕೊಂಡೂ ಬಂದಳು. ಮೊದಲ ಸಂಖ್ಯೆಯಿಂದ ಶುರುಮಾಡಿ ಒಂದೊಂದನ್ನೇ ಹೋಲಿಸಿ ನೋಡುವ ಸರಳ ಪ್ರೋಗ್ರಾಮ್. ತಪ್ಪಿಲ್ಲದೆ ನಡೆಯುತ್ತಿತ್ತು. ಇಲ್ಲದ ಸಂಖ್ಯೆ ಕೊಟ್ಟರೆ "ಈ ಅಂಚು ನಮ್ಮಲ್ಲಿಲ್ಲ" ಎಂದು ಬರುತ್ತಿತ್ತು. ನಾನು ನಕ್ಕೆ.

"ಪವಿತ್ರಾ, ಇದು ಭಾಳ ಸಾದಾ ಆತವಾ. ಕಡೀ ವರ್ಷದ ಪ್ರಾಜೆಕ್ಟಿಗೆ ಇಷ್ಟ ಸಾಲಂಗಿಲ್ಲ. ಬೈನರಿ ಸರ್ಚ್ ಹಾಕು."

"ಸರ್, ನಮ್ಮಲ್ಲಿ ಇರೋವು ಇನ್ನೂರ ಅಂಚ್ರಿ. ಹಿಂಗ ಹುಡುಕಿದ್ರೂ ಲಗೂನ ಸಿಗತೈತ್ರಿ."

"ಸಿಗತೈತಿ, ಖರೇ. ಆದ್ರ ಹೊರಗಿನ ಪರೀಕ್ಷಕರು ಮಾರ್ಕ್ಸ್ ಕೊಡಬೇಕಲ್ಲ?"

ಅವಳು ಆಗಲ್ರಿ ಎಂದು ಹೋದಳು. ಅವಳು ಹೇಳಿದ್ದು ಸರಿಯಾಗಿತ್ತು. ಇನ್ನೂರು ಸಂಖ್ಯೆಗಳಲ್ಲಿ ಹೇಗೆ ಹುಡುಕಿದರೂ ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸುವಷ್ಟೂ ಹೊತ್ತಿನ ಕೆಲಸವಲ್ಲ. ಕೆಲಸಕ್ಕೆ ತಕ್ಕ ಹತ್ಯಾರ ಆರಿಸಿದ ಹುಡುಗಿಗೆ ಶಭಾಷ್ ಎನ್ನುವ ಬದಲು ನಾನು ದೊಡ್ಡ ಹತ್ಯಾರ ತಾ ಎಂದು ಕಳಿಸಿದೆ.

ಹದಿನೈದು ದಿನದ ಮೇಲೆ ಬೈನರಿ ಸರ್ಚ್ ಇದ್ದ ವರದಿ ಬಂತು. ಅಂದು ನನ್ನ ಮೇಜಿನ ಮೇಲೆ ಅಂಥ ಇಪ್ಪತ್ತು ವರದಿಗಳಿದ್ದವು. ಪ್ರತಿಯೊಂದರಲ್ಲೂ ಎರಡು ಹಾಳೆ ಮುಖ್ಯ. ಒಂದರಲ್ಲಿ "ಈ ಕೆಲಸವನ್ನು ನಾನೇ ಮಾಡಿದ್ದೇನೆ" ಎಂದು ವಿದ್ಯಾರ್ಥಿಯ ಸಹಿ. ಇನ್ನೊಂದರಲ್ಲಿ "ನನ್ನ ಮಾರ್ಗದರ್ಶನದಲ್ಲಿ ಈ ವಿದ್ಯಾರ್ಥಿಯೇ ಮಾಡಿದ್ದು" ಎಂದು ನನ್ನ ಸಹಿ. ನಾನು ಒಳಗಿನ ಪ್ರೋಗ್ರಾಮ್ ಓದದೆ ಇಪ್ಪತ್ತಕ್ಕೂ ಸಹಿ ಹಾಕಿದೆ. ಹೊಸದಾಗಿ ಸೇರಿದವರು ಇದನ್ನು ಓದಿ ಬೆರಗಾಗಬಹುದು. ಐದು ವರ್ಷ ತಡೆಯಿರಿ, ಆಗ ಬೆರಗಾಗುವುದಿಲ್ಲ.

ವೈವಾಕ್ಕೆ ಹೊರಗಿನ ಪರೀಕ್ಷಕರಾಗಿ ಬಂದವರು ನರಗುಂದದ ದೇಸಾಯಿ ಮೇಡಂ. ನನಗಿಂತ ಹದಿನೈದು ವರ್ಷ ಸಣ್ಣವರು. ಚಹಾ ತರಿಸಿದರೆ "ಆಮೇಲೆ ಕುಡಿಯೋಣ್ರಿ ಸರ್" ಎಂದು ಬದಿಗಿಟ್ಟು ವರದಿ ತೆರೆಯುವ ಜಾತಿ. ಕೆಟ್ಟವರಲ್ಲ. ಈ ಕಥೆಯಲ್ಲಿ ಅವರದು ತಪ್ಪೆಂದು ನನಗೆ ಇಂದಿಗೂ ಅನಿಸಿಲ್ಲ. ಒಳಗಿನ ಪರೀಕ್ಷಕ ನಾನು. ಇಬ್ಬರೂ ಅಕ್ಕಪಕ್ಕ ಕುಳಿತು, ಅಂಕದ ಪಟ್ಟಿಯಲ್ಲಿ ಇಬ್ಬರೂ ಸಹಿ ಮಾಡಬೇಕು. ಸಂಜೆಯೊಳಗೆ ಅಂಕಗಳನ್ನು ವಿಶ್ವವಿದ್ಯಾಲಯದ ಪೋರ್ಟಲ್ಲಿಗೆ ಏರಿಸಬೇಕು. ಒಮ್ಮೆ ಏರಿಸಿದರೆ ಬಾಗಿಲು ಮುಚ್ಚಿತು, ಮತ್ತೆ ತಿದ್ದಲಾಗುವುದಿಲ್ಲ.

ಪವಿತ್ರಾಳಿಗಿಂತ ಮೊದಲು ಬಂದವನು ಪುರ್ತಗೇರಿಯ ಬಸವರಾಜ. ಚುರುಕು ನಾಲಿಗೆಯ ಹುಡುಗ. ಅವನ ಪ್ರಾಜೆಕ್ಟು ಗ್ರಂಥಾಲಯದ ಪುಸ್ತಕ ಹುಡುಕುವುದು, ಅದರಲ್ಲೂ ಬೈನರಿ ಸರ್ಚ್. ಮೇಡಂ ಅದೇನೆಂದು ಕೇಳಿದರು. ಅವನು ವಚನ ಹೇಳಿದಂತೆ ಹೇಳಿದ. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು ಎಂದು ಐದು ಸಂಖ್ಯೆ ಹಾಕಿ ಮೂವತ್ತನ್ನು ಹುಡುಕಿ ತೋರಿಸಿದ. ಸಿಕ್ಕಿತು. "ನೀನ ಬರದಿಯೇನು?" ಎಂದರು. "ಹೌದ್ರಿ ಮೇಡಂ, ನಾನ ಬರದೀನ್ರಿ" ಎಂದ. ಕಣ್ಣು ಕದಲಲಿಲ್ಲ. ಒಳ್ಳೆಯ ಅಂಕ ಬಿದ್ದವು.

ಆಮೇಲೆ ಪವಿತ್ರಾ ಬಂದು ಕುಳಿತಳು. ಮೇಡಂ ಅವಳ ವರದಿಯ ಪುಟ ತಿರುವುತ್ತ ಒಂದು ಕಡೆ ನಿಂತರು.

"ಏನಿದು, ನಡು? ಅಡಿ, ತುದಿ ಅಂತ ಹೆಸರು ಇಟ್ಟೀದಿ. ಚಲೋ ಅದಾವು. ಆದ್ರ ಇಂಥಾವ ಹೆಸರು ಈಗ ಹೋದ ಹುಡುಗನ ಪ್ರೋಗ್ರಾಮಿನಾಗೂ ನೋಡಿದ್ನಲ್ಲ?"

ಬಸವರಾಜನ ಪ್ರೋಗ್ರಾಮನ್ನು ನಾನು ಸರಿಯಾಗಿ ನೋಡಿರಲಿಲ್ಲ. ಬಗ್ಗಿ ಪವಿತ್ರಾಳ ವರದಿ ನೋಡಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ನನ್ನದೇ ಹೆಸರುಗಳು: adi, nadu, tudi. ಆ ಕರೆಂಟಿಲ್ಲದ ದಿನ ಹಲಗೆಯ ಮೇಲೆ ಬರೆದದ್ದು, ಸಾಲಿಗೆ ಸಾಲು.

ಮೇಡಂ ನನ್ನ ಕಡೆ ತಿರುಗಿದರು. "ಸರ್, ಎರಡೂ ಒಂದ ಅಲ್ರೀ?"

ಅಲ್ಲಿ ನಾನು ಹೇಳಬೇಕಾದದ್ದು ಒಂದೇ ಮಾತು. ಇದು ನನ್ನ ಪಾಠದ ಪ್ರೋಗ್ರಾಮ್, ಇಬ್ಬರೂ ಅದನ್ನೇ ತಂದಿದ್ದಾರೆ, ಓದದೆ ಸಹಿ ಹಾಕಿದ್ದು ನನ್ನ ತಪ್ಪು. ನನ್ನ ಬಾಯಿಂದ ಬಂದದ್ದು ಬೇರೆ.

"ವಿಷಯ ಒಂದ ಆದಾಗ ಹೆಸರೂ ಒಂದ ಆಗ್ತಾವ್ರಿ ಮೇಡಂ. ಒಂದ ಕ್ಲಾಸಿನ ಹುಡುಗರಲ್ಲೇನ್ರಿ?"

ಮೇಡಂ ನನ್ನನ್ನು ಒಂದು ಕ್ಷಣ ನೋಡಿ ಪವಿತ್ರಾಳಿಗೆ ಹೇಳಿದರು, "ನಡಸಿ ತೋರಸವಾ. ಐದ ನಂಬರ್ ಹಾಕು. ಹತ್ತರಿಂದ ಐವತ್ತು. ಮೂವತ್ತ ಬ್ಯಾಡ. ಇಪ್ಪತ್ತ ಹುಡುಕು."

ಪವಿತ್ರಾ ಒತ್ತಿದಳು. ತೆರೆಯ ಮೇಲೆ ಬಂತು: ಈ ಅಂಚು ನಮ್ಮಲ್ಲಿಲ್ಲ.

ಆ ಒಂದು ಸಾಲು ಮಾತ್ರ ಅವಳದು ಎಂದು ನನಗೆ ಗೊತ್ತಾಯಿತು. ಮೊದಲಿನ ಸಾದಾ ಪ್ರೋಗ್ರಾಮಿನಿಂದ ಉಳಿಸಿಕೊಂಡಿದ್ದಳು.

"ಇಪ್ಪತ್ತ ಪಟ್ಟಿಯೊಳಗ ಐತಿ. ನಮ್ಮ ಕಣ್ಣಿಗೆ ಕಾಣಾಕತ್ತೈತಿ. ಪ್ರೋಗ್ರಾಮಿಗೆ ಯಾಕ ಕಾಣವಲ್ದು?" ಎಂದರು ಮೇಡಂ. "ಐವತ್ತ ಹಾಕು."

ಐವತ್ತೂ ಸಿಗಲಿಲ್ಲ. ಹತ್ತು ಸಿಕ್ಕಿತು, ಮೂವತ್ತು ಸಿಕ್ಕಿತು, ನಲವತ್ತು ಸಿಕ್ಕಿತು. ಇಪ್ಪತ್ತು, ಐವತ್ತು ಮಾತ್ರ ಇದ್ದೂ ಇಲ್ಲ.

"ಯಾಕ?"

ಪವಿತ್ರಾ ತೆರೆಯನ್ನೇ ನೋಡುತ್ತ, "ಗೊತ್ತಿಲ್ರಿ ಮೇಡಂ" ಎಂದಳು.

"ನೀ ಬರದದ್ದು ನಿನಗ ಗೊತ್ತಿಲ್ಲೇನು?"

"ಇದು ನಾ ಬರದದ್ದಲ್ರಿ. ತಗೊಂಡು ಹಾಕೀನ್ರಿ. ನಂದ ಬ್ಯಾರೆ ಇತ್ರಿ. ಒಂದೊಂದ ನೋಡ್ಕೊಂತ ಹೋಗೋದು. ಅದು ಸಾದಾ ಆತು ಅಂತ..."

ಅಷ್ಟು ಹೇಳಿ ನನ್ನ ಕಡೆ ನೋಡಿದಳು. ನಾನು ಅಂಕದ ಪಟ್ಟಿಯ ಮೇಲೆ ಕಣ್ಣು ನೆಟ್ಟೆ.

"ಸಾದಾ ಆತು ಅಂತ ಅಂದವರ ಯಾರು?" ಮೇಡಂ ಕೇಳಿದರು.

"ನನಗ ಹಂಗ ಅನಸ್ತ್ರಿ."

"ಇದು ಯಾರ ಕಡಿಂದ ತಗೊಂಡಿ?"

ಅವಳು ಹೇಳಲಿಲ್ಲ. ಮೇಡಂ ಎರಡನೆಯ ಸಲ ಕೇಳಿದರು. ತಲೆ ಅಲ್ಲಾಡಿಸಿದಳು.

ಮೇಡಂ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಒಂದು ಬಿಳಿ ಹಾಳೆ ಮುಂದೆ ಸರಿಸಿ, "ತಗೊಂಡದ್ದ ಇರಲಿ. ಈಗ ತಿಳ್ಕೊಳಾಕ ಬರತೈತೇನ ನೋಡೋಣ. ಇಪ್ಪತ್ತ ಹುಡುಕೋ ಹೊತ್ತಿಗೆ ಏನಾತು, ಒಂದೊಂದ ಹೆಜ್ಜಿ ಬರಿ" ಎಂದರು.

ಪವಿತ್ರಾ ಐದು ಚೌಕ ಎಳೆದು ಸಂಖ್ಯೆ ತುಂಬಿದಳು. ಮೇಲೆ ಸ್ಥಾನ ಬರೆದಳು, ಸೊನ್ನೆಯಿಂದ ನಾಲ್ಕರವರೆಗೆ. ಕಂಪ್ಯೂಟರು ಎಣಿಸುವುದು ಸೊನ್ನೆಯಿಂದ. ಗಟ್ಟಿಯಾಗಿ ಹೇಳುತ್ತ ಹೋದಳು.

"ಅಡಿ ಸೊನ್ನಿ, ತುದಿ ನಾಕು. ಕೂಡಿಸಿ ಅರ್ಧ ಮಾಡಿದ್ರ ನಡು ಎರಡು. ಅಲ್ಲಿ ಮೂವತ್ತೈತ್ರಿ. ಇಪ್ಪತ್ತ ಅದಕ್ಕಿಂತ ಸಣ್ಣದು. ಅಂದ್ರ ತುದೀನ ನಡುವಿನ ಹಿಂದಕ್ಕ ತರಬೇಕು. ತುದಿ ಒಂದು."

"ಮುಂದ?"

"ಅಡಿ ಸೊನ್ನಿ, ತುದಿ ಒಂದು. ಅರ್ಧ ಮಾಡಿದ್ರ... ಅರ್ಧಾ ಬರತೈತ್ರಿ. ಅದನ್ನ ಬಿಡತೈತಿ. ನಡು ಸೊನ್ನಿ. ಅಲ್ಲಿ ಹತ್ತು. ಇಪ್ಪತ್ತ ದೊಡ್ಡದು. ಅಡೀನ ಮುಂದ ಸರಸಬೇಕು. ಅಡಿ ಒಂದು."

ಪೆನ್ನು ನಿಂತಿತು. ಹಾಳೆಯ ಮೇಲೆ ಅಡಿ ಒಂದು, ತುದಿಯೂ ಒಂದು. ಅವಳು ಪ್ರೋಗ್ರಾಮಿನ ಸಾಲು ನೋಡಿದಳು. ಎಲ್ಲಿಯವರೆಗೆ ಹುಡುಕಬೇಕು ಎಂದು ಹೇಳುವ ಸಾಲು ಅದು: adi < tudi. ಅಡಿ ತುದಿಗಿಂತ ಕಡಿಮೆ ಇರುವವರೆಗೆ ಹುಡುಕು, ಇಲ್ಲವಾದರೆ ನಿಲ್ಲಿಸು.

ಆ ಎರಡು ಒಂದುಗಳ ಸುತ್ತ ಗೆರೆ ಎಳೆದಳು. ಹೊರಗೆ ಸರದಿಯಲ್ಲಿ ನಿಂತವರ ಗುಸುಗುಸು ಕೇಳುತ್ತಿತ್ತು. ಆಮೇಲೆ ಅವಳ ಮುಖ ಬದಲಾಯಿತು. ಮೂವತ್ತು ವರ್ಷ ಕಲಿಸಿದವನಿಗೆ ಆ ಬದಲಾವಣೆ ಗೊತ್ತಾಗುತ್ತದೆ. ಕೆಲವು ಮಕ್ಕಳ ಮುಖದಲ್ಲಿ ಇಡೀ ಮೂರು ವರ್ಷದಲ್ಲಿ ಒಮ್ಮೆಯೂ ಅದು ಬರುವುದಿಲ್ಲ.

"ಒಂದ ಉಳದೈತ್ರಿ ಮೇಡಂ!" ಎಂದಳು. "ಅಡಿ, ತುದಿ ಎರಡೂ ಒಂದರ ಮ್ಯಾಲ ಬಂದ ನಿಂತಾವು. ಅಲ್ಲೆ ಇಪ್ಪತ್ತ ಐತಿ. ಆದ್ರ ಒಂದು ಒಂದಕ್ಕಿಂತ ಕಡಿಮಿ ಅಲ್ಲ, ಅದಕ್ಕ ಇದು ಅಲ್ಲೇ ನಿಂದರತೈತಿ. ಕಡೀದನ್ನ ನೋಡದನ ಇಲ್ಲ ಅಂತ ಹೇಳತೈತ್ರಿ. ಇಲ್ಲಿ ಕಡಿಮಿ ಇಲ್ಲಾ ಸಮ ಅಂತ ಇರಬೇಕಾಗಿತ್ತು."

"ಐವತ್ತಕ್ಕ?"

"ಅದೂ ಹಂಗ್ರಿ. ನಡು ಎರಡು, ಆಮ್ಯಾಲ ಮೂರು. ಕಡೀಕ ಅಡಿ ನಾಕು, ತುದಿ ನಾಕು. ಅಲ್ಲೂ ಒಂದ ಉಳಿತೈತಿ."

ಕೀಲಿಮಣೆ ಎಳೆದುಕೊಂಡು ಆ ಒಂದು ಸಮ ಚಿಹ್ನೆ ಸೇರಿಸಿದಳು: adi <= tudi. ಇಪ್ಪತ್ತು ಸಿಕ್ಕಿತು. ಐವತ್ತೂ ಸಿಕ್ಕಿತು.

ಹಲಗೆಯ ಮೇಲೆ ಆ ಚಿಹ್ನೆಯನ್ನು ಬಿಟ್ಟು ಬರೆದ ಕೈ ನನ್ನದು. ಅಷ್ಟು ವರ್ಷ, ಅಷ್ಟು ಹುಡುಗರು, ಅಷ್ಟು ಪರೀಕ್ಷಕರು ಆ ಪ್ರೋಗ್ರಾಮನ್ನು ದಾಟಿ ಹೋಗಿದ್ದರು. ಎಲ್ಲರೂ ನಡುವಿನ ಸಂಖ್ಯೆಯನ್ನೇ ಹುಡುಕಿ ತೃಪ್ತರಾಗಿದ್ದರು. ತಪ್ಪನ್ನು ಮೊದಲು ಕಂಡವಳು, ಆ ಪ್ರೋಗ್ರಾಮ್ ತನ್ನದಲ್ಲ ಎಂದು ಒಪ್ಪಿಕೊಂಡ ಹುಡುಗಿ.

ಅವಳನ್ನು ಹೊರಗೆ ಕಳಿಸಿ ಮೇಡಂ ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

"ಹುಡುಗಿ ಶಾಣ್ಯಾಕಿ ಅದಾಳ್ರಿ ಸರ್. ವೈವಾಕ್ಕ ಪೂರ್ತಿ ಕೊಡ್ತೀನಿ. ಆದ್ರ ಪ್ರಾಜೆಕ್ಟಿಗೆ ಏನ ಮಾಡ್ಲಿ? ನಾನ ಮಾಡೀನಿ ಅಂತ ಸಹಿ ಮಾಡ್ಯಾಳ. ನನ್ನ ಮುಂದ ನಂದಲ್ಲ ಅಂತ ಹೇಳ್ಯಾಳ. ಕೇಳಿದ ಮ್ಯಾಲ ಕೇಳಿಲ್ಲ ಅನ್ನಾಕ ಬರಂಗಿಲ್ಲ. ಸೊನ್ನಿ ಹಾಕಬೇಕಾಗತೈತಿ. ನೀವು ಆಕಿ ಗೈಡು. ನಿಮ್ಮದೇನರ ಹೇಳೋದೈತೇನ್ರಿ?"

ಮೇಡಂ ಬಾಗಿಲು ತೆರೆದೇ ಇಟ್ಟಿದ್ದರು. ಅವಳ ಸ್ವಂತದ ಪ್ರೋಗ್ರಾಮ್ ಒಂದಿತ್ತು, ಅದನ್ನು ಬೇಡವೆಂದವನು ನಾನು ಎಂದು ಹೇಳಿದ್ದರೆ ಅವರು ಅದನ್ನು ತರಿಸಿ ನೋಡುತ್ತಿದ್ದರು. ಅಷ್ಟು ನನಗೆ ಖಾತ್ರಿಯಿತ್ತು. ಆದರೆ ಆ ಮಾತು ಹೇಳಿದರೆ ಬಸವರಾಜನನ್ನು ವಾಪಸು ಕರೆಯಬೇಕು. ಇನ್ನೂ ಎಷ್ಟು ವರದಿಗಳಲ್ಲಿ ಅದೇ ಪ್ರೋಗ್ರಾಮ್ ಇದೆಯೋ ನೋಡಬೇಕು. ಇಪ್ಪತ್ತು ಸಹಿಗಳ ಪ್ರಶ್ನೆ ಬರುತ್ತದೆ. ಸ್ವಲ್ಪ ಹೊತ್ತಿನ ಹಿಂದೆ ಹೇಳಿದ ಸುಳ್ಳು ಹೊರಬೀಳುತ್ತದೆ. ಇಷ್ಟನ್ನೂ ನಾನು ಲೆಕ್ಕ ಹಾಕಿದೆ. ಒಬ್ಬ ಹುಡುಗಿಯ ಭವಿಷ್ಯ ಆ ಲೆಕ್ಕದಲ್ಲಿ ಸೇರಲಿಲ್ಲ.

"ನಿಮಗ ಸರಿ ಕಂಡಂಗ ಮಾಡ್ರಿ" ಎಂದೆ.

ಮೇಡಂ ಸೊನ್ನೆ ಬರೆದರು. ಕೆಳಗೆ ಇಬ್ಬರೂ ಸಹಿ ಮಾಡಿದೆವು. ಸಂಜೆ ಪೋರ್ಟಲ್ಲಿಗೆ ಏರಿಸಿದವನೂ ನಾನೇ. ವೈವಾದ ಅಂಕ ಎಷ್ಟಿದ್ದರೂ ಪ್ರಾಜೆಕ್ಟಿನಲ್ಲಿ ಕನಿಷ್ಠ ಅಂಕ ಬರದಿದ್ದರೆ ಆ ವಿಷಯ ಫೇಲು. ಉಳಿದೆಲ್ಲ ವಿಷಯಗಳಲ್ಲಿ ಅವಳು ಪ್ರಥಮ ದರ್ಜೆಯಲ್ಲಿದ್ದಳು.

ಫಲಿತಾಂಶ ಬಂದ ಮೇಲೆ ಇನ್ನೊಂದು ಸಂಗತಿ ತಿಳಿಯಿತು. ನರೇಗಲ್ಲಿನ ಒಂದು ಪ್ರೌಢಶಾಲೆಯವರು ಅವಳನ್ನು ಕಂಪ್ಯೂಟರ್ ಶಿಕ್ಷಕಿಯಾಗಿ ತೆಗೆದುಕೊಳ್ಳಲು ಒಪ್ಪಿದ್ದರಂತೆ. ಪಾಸಾದ ಅಂಕಪಟ್ಟಿ ತಂದುಕೊಟ್ಟರೆ ಶಾಲೆ ಶುರುವಾಗುವ ದಿನದಿಂದಲೇ ಕೆಲಸ. ಅವರು ಒಂದು ತಿಂಗಳು ಕಾದು ಬೇರೆಯವರನ್ನು ತೆಗೆದುಕೊಂಡರು. ಬಸವರಾಜ ಒಳ್ಳೆಯ ಅಂಕದಲ್ಲಿ ಪಾಸಾಗಿ ಪೇಢೆ ಹಂಚಲು ಬಂದಿದ್ದ. ನಾನೂ ಒಂದು ತಿಂದೆ.

ನಾನು ವಿಶ್ವವಿದ್ಯಾಲಯಕ್ಕೆ ಒಂದು ಪತ್ರ ಬರೆದೆ. ನಡೆದದ್ದೆಲ್ಲ ಅದರಲ್ಲಿತ್ತು. ಪ್ರಾಂಶುಪಾಲರ ಬಳಿ ಒಯ್ದೆ. ಅವರು ಎರಡು ಸಲ ಓದಿ ಮಡಚಿ ನನ್ನ ಕಡೆಗೇ ಸರಿಸಿದರು.

"ಪ್ರಾಜೆಕ್ಟಿನ ಮಾರ್ಕ್ಸಿಗೆ ಮರುಮೌಲ್ಯಮಾಪನ ಇಲ್ರಿ ಸರ್. ಇದನ್ನ ಕಳಿಸಿದ್ರ ಆಕಿಗೆ ಏನೂ ಸಿಗಂಗಿಲ್ಲ. ಉಳಿದ ಹುಡುಗರ ರಿಸಲ್ಟ್ ತಡೀತಾರ, ಅಷ್ಟ. ನಿಮ್ಮದ ಇನ್ನೆರಡ ವರ್ಷ ಉಳದಾವು. ಯಾಕ ಬೇಕು?"

ಅವರ ಮಾತಿನಲ್ಲಿ ಸ್ವಲ್ಪ ಸತ್ಯವಿತ್ತು. ಅಷ್ಟು ಸತ್ಯ ನನಗೆ ಸಾಕಾಯಿತು. ಪತ್ರವನ್ನು ಜೇಬಿಗೆ ಹಾಕಿಕೊಂಡು ಹೊರಬಂದೆ.

ಮುಂದಿನ ವರ್ಷದ ಪರೀಕ್ಷೆಗೆ ಅರ್ಜಿ ತುಂಬುವ ಹೊತ್ತಿಗೆ ಗಜೇಂದ್ರಗಡಕ್ಕೆ ಅವಳ ಮನೆಗೆ ಹೋದೆ. ಮಲ್ಲೇಶಪ್ಪನವರು ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಿಂದ ಎದ್ದು ಬಂದರು. "ಬರ್ರಿ ಸರ, ಬರ್ರಿ. ನಮ್ಮ ಮನಿ ತನಾ ಬಂದ್ರಿ. ಕುಂದರ್ರಿ" ಎಂದು ಚಾಪೆ ಹಾಸಿದರು. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಕುಳಿತುಕೊಳ್ಳುವುದು ಸುಲಭವಾಗುತ್ತಿತ್ತು.

"ನಮ್ಮ ಹುಡುಗಿದ ತಪ್ಪ ಐತ್ರಿ ಸರ. ಇನ್ನೊಬ್ಬರದ ತಂದು ನಂದು ಅನಬಾರದು. ನಾನೂ ಆಕಿಗೆ ಅದನ್ನ ಹೇಳೀನಿ" ಎಂದರು.

ಪವಿತ್ರಾ ನೀರು ತಂದಿಟ್ಟು ಗೋಡೆಗೆ ಒರಗಿ ನಿಂತಳು. ಮಲ್ಲೇಶಪ್ಪನವರು ಚಹಾಕ್ಕೆ ಹಾಲು ತರಲು ಹೊರಗೆ ಹೋದರು. ನಾನು ಬಂದ ಕಾರಣ ಹೇಳಿದೆ. ಅರ್ಜಿ ತುಂಬು, ನಿನ್ನ ಹಳೆಯ ಪ್ರೋಗ್ರಾಮನ್ನೇ ಕೊಡು, ನಾನು ನೋಡಿಕೊಳ್ಳುತ್ತೇನೆ ಎಂದೆ.

"ಪವಿತ್ರಾ, ಆ ಪ್ರೋಗ್ರಾಮ್ ನಿನಗ ಯಾರ ಕೊಟ್ಟಿದ್ರು?"

"ನಮ್ಮ ದೊಡ್ಡಪ್ಪನ ಮಗಳು ಗೀತಕ್ಕ ಕೊಟ್ಟಿದ್ಲ್ರಿ. ಆಕಿನೂ ನಮ್ಮ ಕಾಲೇಜಿನಾಗ ಕಲತಾಕಿ. ವಹಿಯೊಳಗ ಮ್ಯಾಲ ನಿಮ್ಮ ಹೆಸರ ಬರದಿತ್ರಿ, ಸರ್ ಹೇಳಿದ್ದು ಅಂತ."

ನಾನು ನೀರಿನ ಲೋಟ ಕೆಳಗಿಟ್ಟೆ.

"ಹಂಗಾದ್ರ ಆ ದಿನ ಗೊತ್ತಿತ್ತು ನಿನಗ?"

"ಗೊತ್ತಿತ್ರಿ. ಸರ್ ಬರದದ್ದು ಅಂದ ಮ್ಯಾಲ ತಪ್ಪ ಇರಂಗಿಲ್ಲ ಅಂತ ನಂಬಿ ಹಾಕಿದ್ನಿ."

"ಮತ್ತ ಮೇಡಂ ಕೇಳಿದಾಗ ಯಾಕ ಹೇಳಲಿಲ್ಲ?"

"ನೀವ ಹೇಳ್ತೀರಿ ಅಂದ್ಕೊಂಡಿದ್ನಿರಿ."

ಆಚೆ ಮನೆಯಲ್ಲಿ ಯಾರದೋ ಮಗ್ಗ ನಡೆಯುತ್ತಿತ್ತು. ನಾನು ತಪ್ಪಾಯಿತು ಎಂದೆ. ವಯಸ್ಸಿನಲ್ಲಿ ಅಷ್ಟು ದೊಡ್ಡವನು ಹಾಗೆ ಅಂದದ್ದಕ್ಕೆ ಅವಳೇ ಮುಜುಗರಪಟ್ಟಳು. "ಹಂಗ ಅನಬ್ಯಾಡ್ರಿ ಸರ್" ಎಂದಳು. ನಾನು ಮತ್ತೆ ಅರ್ಜಿಯ ಮಾತೆತ್ತಿದೆ.

ಆಗ ಅವಳು ಕೇಳಿದಳು. ಅದರಲ್ಲಿ ಕೊಂಕು ಇರಲಿಲ್ಲ, ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದಳು.

"ಬರ್ತೀನ್ರಿ ಸರ್. ಆದ್ರ ಬಂದ ಕುಂತ ಮ್ಯಾಲ ನಾ ಏನ ಮಾಡಬೇಕ್ರಿ? ಬಸವರಾಜ ಹೇಳಿದಂಗ ಹೇಳಬೇಕೋ, ನಾ ಹೇಳಿದಂಗ ಹೇಳಬೇಕೋ?"

ಖರೇ ಹೇಳು ಎನ್ನಲು ನನಗೆ ಯಾವ ಮುಖವಿತ್ತು? ಅಷ್ಟರಲ್ಲಿ ಮಲ್ಲೇಶಪ್ಪನವರು ಹಾಲು ತಂದರು. ಚಹಾ ಕುಡಿದು ಎದ್ದೆ. ಅರ್ಜಿಯನ್ನು ಅವಳು ತುಂಬಿದಳು. ಅದು ನನ್ನ ಮರ್ಯಾದೆಗೆ ತುಂಬಿದ್ದು ಎಂದು ಆಮೇಲೆ ಗೊತ್ತಾಯಿತು.

ಇದನ್ನು ಓದುತ್ತಿರುವ ಹೊಸಬರಿಗೆ ಎರಡು ಮಾತು. ವರದಿಗೆ ಸಹಿ ಹಾಕುವ ಮುಂಚೆ ಓದಿ. ಮಕ್ಕಳ ಸರಳ ಪ್ರೋಗ್ರಾಮನ್ನು ಸಾದಾ ಎಂದು ತಳ್ಳಬೇಡಿ. ಅದು ಅವರದು, ಅದನ್ನು ಅವರು ವಿವರಿಸಬಲ್ಲರು. ಇವೆರಡನ್ನೂ ಯಾರು ಬೇಕಾದರೂ ಹೇಳಿಯಾರು. ಮೂರನೆಯದನ್ನು ಹೇಳಲು ನನಗೆ ಅರ್ಹತೆ ಇಲ್ಲ. ಆದರೂ ಹೇಳುತ್ತೇನೆ: ವೈವಾದ ಮೇಜಿನ ಆಚೆ ಒಬ್ಬರು ನಿಜ ಹೇಳಿದಾಗ, ಈಚೆ ಕುಳಿತವರ ಸರದಿ ಅದೇ ಕ್ಷಣ ಬರುತ್ತದೆ. ಮರುದಿನ ಬರುವುದಿಲ್ಲ, ಮರುವರ್ಷವೂ ಬರುವುದಿಲ್ಲ.

ಮರುವರ್ಷದ ವೈವಾಕ್ಕೆ ಬೇರೆ ಪರೀಕ್ಷಕರು ಬಂದಿದ್ದರು. ಬೆಳಿಗ್ಗೆಯ ತಂಡದ ಕೊನೆಯ ಹೆಸರು ಪವಿತ್ರಾಳದು. ಅವಳ ಸಂಖ್ಯೆಯನ್ನು ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದ. ನಾನು ಎದ್ದು ಹೊರಗೆ ಹೋಗಿ ನೋಡಿದೆ. ವರಾಂಡ ಖಾಲಿ ಇತ್ತು. ಗಜೇಂದ್ರಗಡದ ಬಸ್ಸು ತಡವಾಗಿರಬಹುದು, ಸ್ವಲ್ಪ ಕಾಯೋಣ ಎಂದೆ. ಆ ಪರೀಕ್ಷಕರು ಒಳ್ಳೆಯವರು, ಊಟದ ಹೊತ್ತಿನವರೆಗೆ ಕಾದರು. ಆಮೇಲೆ ಗಡಿಯಾರ ನೋಡಿ, "ಇನ್ನ ಬರೀರಿ ಸರ್" ಎಂದರು.

ಅಂಕದ ಪಟ್ಟಿಯಲ್ಲಿ ಅವಳ ಸಂಖ್ಯೆಯ ಮುಂದೆ ಕೆಂಪು ಶಾಯಿಯಲ್ಲಿ 'ಗೈರು' ಎಂದು ಬರೆದೆ. ನಿಯಮದಂತೆ ಪಕ್ಕದಲ್ಲಿ ಸಹಿಯನ್ನೂ ಮಾಡಿದೆ.